ಕನ್ನಡ ಸಿನಿಮಾ ವಿಮರ್ಶೆ ಪ್ರಾಜೆಕ್ಟ್: ರಿಪೋರ್ಟಿನ ಚೌಕಟ್ಟು ಹೀಗೆ ಸಾಕಾ? (ಎಂಟನೇ ಸೆಮ್, ಸೋಮವಾರ ಗೈಡ್‌ಗೆ ತೋರಿಸಬೇಕು)

ಸೋಮವಾರಪೇಟೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ. ನಾವು ಮೂವರ ತಂಡ. ಕನ್ನಡ ಸಿನಿಮಾ ವಿಮರ್ಶೆ ಓದಿ ಅದು ಪಾಸಿಟಿವ್, ನೆಗೆಟಿವ್ ಅಥವಾ ಮಿಕ್ಸೆಡ್ ಎಂದು ಹೇಳುವ ಮಾಡೆಲ್ ಮಾಡಿದ್ದೇವೆ. ಕೆಲಸ ಹೆಚ್ಚುಕಡಿಮೆ ಮುಗಿದಿದೆ. ರಿಪೋರ್ಟಿನ ಚೌಕಟ್ಟು ಹೀಗೆ ಹಾಕಿಕೊಂಡಿದ್ದೇನೆ:

ಇಂಟ್ರೊಡಕ್ಷನ್ 8 ಪುಟ, ಲಿಟರೇಚರ್ ಸರ್ವೆ 12, ಸಿಸ್ಟಂ ರಿಕ್ವೈರ್ಮೆಂಟ್ 5, ಡಿಸೈನ್ 8, ಇಂಪ್ಲಿಮೆಂಟೇಶನ್ 8, ಟೆಸ್ಟಿಂಗ್ 3, ರಿಸಲ್ಟ್ 2, ಕನ್‌ಕ್ಲೂಷನ್ 1.

ಒಟ್ಟು 2,400 ವಿಮರ್ಶೆಗಳಿವೆ, 62 ಸಿನಿಮಾಗಳದ್ದು. ಸ್ಟಾರ್ ನೋಡಿ ಲೇಬಲ್ ಹಾಕಿದ್ದೇವೆ. 4 ಮತ್ತು 5 ಇದ್ದರೆ ಪಾಸಿಟಿವ್, 3 ಮಿಕ್ಸೆಡ್, 1 ಮತ್ತು 2 ನೆಗೆಟಿವ್. ಟಿಎಫ್-ಐಡಿಎಫ್ ಮತ್ತು ಲಾಜಿಸ್ಟಿಕ್ ರಿಗ್ರೆಷನ್. ಅಕ್ಯುರೆಸಿ 86%. ಚೌಕಟ್ಟು ಸರಿ ಇದೆಯಾ ಅಂತ ಒಮ್ಮೆ ನೋಡಿ ಹೇಳಿ.

ಇನ್ನೊಂದು ಸಣ್ಣ ವಿಷಯ. ಡೆಮೊ ಪುಟದಲ್ಲಿ ಕನ್ನಡದಲ್ಲಿ ಏನು ಟೈಪ್ ಮಾಡಿದರೂ ಜಾಸ್ತಿ ಪಾಸಿಟಿವ್ ಅಂತಲೇ ಬರುತ್ತದೆ. ಅದು ಡೆಮೊ ಪುಟದ ಬಗ್ ಇರಬೇಕು, ಆಮೇಲೆ ನೋಡುತ್ತೇನೆ.

ಕುಶಾಲನಗರ_ಜೆರಾಕ್ಸ್

ರಿಪೋರ್ಟ್ ಕನ್ನಡದಲ್ಲಿ ಬರೆಯಲು ಬಿಡುತ್ತಾರಾ? ನಮ್ಮ ಕಾಲದಲ್ಲಿ ಇಂಗ್ಲಿಷೇ ಕಡ್ಡಾಯ ಇತ್ತು. ಬಿಡುವುದಾದರೆ ಫಾಂಟ್ ಜೋಪಾನ. ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಪೆನ್‌ಡ್ರೈವ್‌ನಲ್ಲಿ ತರುತ್ತಾರೆ, ಇಲ್ಲಿ ತೆರೆದರೆ ಎಲ್ಲಾ ಚೌಕ ಚೌಕ.

ಸೋಮವಾರಪೇಟೆ_ಹುಡುಗಿ

ರಿಪೋರ್ಟ್ ಇಂಗ್ಲಿಷಿನಲ್ಲೇ ಅಣ್ಣ. ವಿಮರ್ಶೆಗಳು ಮಾತ್ರ ಕನ್ನಡದವು. ಆದರೂ ಥ್ಯಾಂಕ್ಸ್, ಉದಾಹರಣೆ ವಾಕ್ಯಗಳನ್ನು ಕನ್ನಡದಲ್ಲೇ ಹಾಕಬೇಕು, ಅದಕ್ಕೆ ಈ ಮಾತು ಬೇಕಾಗುತ್ತದೆ.

ಬೇತ್ರಿ_ಹೊಳೆ

ಚೌಕಟ್ಟಿನ ಮಾತು ಆಮೇಲೆ. ನೀವು ‘ಸಣ್ಣ ವಿಷಯ’ ಅಂದಿದ್ದೀರಲ್ಲ, ಅದೇ ದೊಡ್ಡದು. ಅದು ಡೆಮೊ ಪುಟದ ಬಗ್ ಅಲ್ಲ ಅನ್ನಿಸುತ್ತದೆ. ನಾನು ವಿರಾಜಪೇಟೆಯವಳು, ಈಗ ಮೈಸೂರಿನಲ್ಲಿ ಭಾಷೆಯ ಡೇಟಾ ಮೇಲೇ ಕೆಲಸ. ಇದೇ ಗುಂಡಿಗೆ ನಾನೂ ಬಿದ್ದು ಎದ್ದಿದ್ದೇನೆ.

ಎರಡು ಪ್ರಶ್ನೆ. ಟಿಎಫ್-ಐಡಿಎಫ್‌ಗೆ `TfidfVectorizer()` ಅನ್ನು ಹಾಗೇ, ಒಳಗೆ ಏನೂ ಕೊಡದೆ ಬಳಸಿದ್ದೀರಾ? ಮತ್ತೆ, ಡೆಮೊದಲ್ಲಿ ‘ಸಿನಿಮಾ ಚೆನ್ನಾಗಿಲ್ಲ’ ಎಂದು ಹಾಕಿದರೆ ಏನು ಬರುತ್ತದೆ?

ಸೋಮವಾರಪೇಟೆ_ಹುಡುಗಿ

ಹೌದು ಅಕ್ಕ, ಏನೂ ಕೊಟ್ಟಿಲ್ಲ. ‘ಸಿನಿಮಾ ಚೆನ್ನಾಗಿದೆ’ ಪಾಸಿಟಿವ್. ‘ಸಿನಿಮಾ ಚೆನ್ನಾಗಿಲ್ಲ’ ಅದೂ ಪಾಸಿಟಿವ್. ಎರಡಕ್ಕೂ ಸ್ಕೋರ್ ಒಂದೇ! ಕೊನೆಯ ಅಂಕಿವರೆಗೂ ಒಂದೇ.

ಬೇತ್ರಿ_ಹೊಳೆ

ಅಲ್ಲಿಗೆ ಗೊತ್ತಾಯಿತು. ಇದನ್ನು ಓಡಿಸಿ ನೋಡಿ:

```python
import re
pat = r"(?u)\b\w\w+\b"
print(re.findall(pat, "ಸಿನಿಮಾ ಚೆನ್ನಾಗಿದೆ"))
print(re.findall(pat, "ಸಿನಿಮಾ ಚೆನ್ನಾಗಿಲ್ಲ"))
print(re.findall(pat, "ಇಷ್ಟವಾಯಿತು"))
print(re.findall(pat, "ಇಷ್ಟವಾಗಲಿಲ್ಲ"))
```

ಮೊದಲ ಎರಡಕ್ಕೆ ಬರುವುದು ಖಾಲಿ ಪಟ್ಟಿ. ಮೂರನೆಯದಕ್ಕೆ ‘ಇಷ’, ‘ಟವ’. ನಾಲ್ಕನೆಯದಕ್ಕೆ ‘ಇಷ’, ‘ಟವ’, ‘ಗಲ’.

ಆ `pat` ನಾನು ಮಾಡಿದ್ದಲ್ಲ. ನೀವು ಏನೂ ಕೊಡದಿದ್ದರೆ `TfidfVectorizer` ಪದ ಬಿಡಿಸಲು ಬಳಸುವುದು ಅದನ್ನೇ. ಪೈಥಾನಿನ `\w` ಗೆ ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್ ಮಾತ್ರ ಲೆಕ್ಕ. ನಮ್ಮ ಗುಣಿತದ ಚಿಹ್ನೆಗಳು, ಅರ್ಧಾಕ್ಷರ ಮಾಡುವ ಚಿಹ್ನೆ, ಸೊನ್ನೆ, ಇವು ಯೂನಿಕೋಡಿನಲ್ಲಿ ‘ಅಕ್ಷರ’ ಅಲ್ಲ, ಅಕ್ಷರಕ್ಕೆ ಅಂಟುವ ಗುರುತು. ಹಾಗಾಗಿ ಪ್ರತಿ ಕೊಂಬು, ಪ್ರತಿ ಗುಡಿಸು ಬಂದಲ್ಲೂ ಪದ ತುಂಡಾಗುತ್ತದೆ. ಮೇಲಿಂದ, ಒಂಟಿ ಅಕ್ಷರದ ತುಂಡುಗಳನ್ನು ಬಿಸಾಡು ಅಂತಲೂ ಆ ಪ್ಯಾಟರ್ನ್ ಹೇಳುತ್ತದೆ. ‘ಚೆನ್ನಾಗಿದೆ’ಯಲ್ಲಿ ಚ, ನ, ನ, ಗ, ದ ಎಲ್ಲವೂ ಒಂಟಿ. ಪೂರ್ತಿ ಪದವೇ ಮಾಯ. ‘ಸಿನಿಮಾ’ ಕೂಡ ಮಾಯ.

ಮಾಡೆಲ್‌ಗೆ ಒಂದು ಪದವೂ ಸಿಗದಿದ್ದರೆ ಅದು ಏನು ಮಾಡಬೇಕು? ಯಾವ ಗುಂಪು ಜಾಸ್ತಿ ಇದೆಯೋ ಅದನ್ನು ಹೇಳುತ್ತದೆ. ನಿಮ್ಮಲ್ಲಿ ಪಾಸಿಟಿವ್ ಜಾಸ್ತಿ, ಅಲ್ವಾ?

ಸೋಮವಾರಪೇಟೆ_ಹುಡುಗಿ

ಅಯ್ಯೋ. ಹೌದು. 2,400ರಲ್ಲಿ 1,680 ಪಾಸಿಟಿವ್, 480 ನೆಗೆಟಿವ್, 240 ಮಿಕ್ಸೆಡ್.

ಆದರೆ ಅಕ್ಕ, ಕನ್ನಡ ಪದಗಳೇ ಹೋಗಿದ್ದರೆ 86% ಹೇಗೆ ಬಂತು?

ಬೇತ್ರಿ_ಹೊಳೆ

ಸುಮ್ನೆ ‘ಪಾಸಿಟಿವ್’ ಅಂತ ಕೂತರೂ 1,680 ಸರಿ. ಅಂದರೆ 70% ಪುಕ್ಕಟೆ. ನಿಮ್ಮ ಮಾಡೆಲ್ ದುಡಿದದ್ದು ಅದರ ಮೇಲಿನ 16 ಮಾತ್ರ. ಆ 16 ಎಲ್ಲಿಂದ ಬಂತು ಅಂತ ನೋಡಬೇಕಾದರೆ ಪ್ರತಿ ಗುಂಪಿಗೂ ಅತಿ ಹೆಚ್ಚು ತೂಕ ಪಡೆದ ಇಪ್ಪತ್ತು ತುಂಡುಗಳನ್ನು ಪ್ರಿಂಟ್ ಮಾಡಿ. ಅದನ್ನು ಇಲ್ಲಿ ಹಾಕಿ.

ಗೋಣಿಕೊಪ್ಪ_ಕೋಡರ್

ಇಷ್ಟೆಲ್ಲಾ ತಲೆಬಿಸಿ ಯಾಕೆ? ಟಿಎಫ್-ಐಡಿಎಫ್ ಹಳೇ ಕಾಲದ್ದು. ಬರ್ಟ್ ಹಾಕಿ, ಅದಕ್ಕೆ ಅದರದೇ ಟೋಕನೈಸರ್ ಇರುತ್ತದೆ, ಈ ಮಾತ್ರೆ ಕಟ್ ಆಗುವ ಸಮಸ್ಯೆಯೇ ಇಲ್ಲ. ನಾಲ್ಕು ಎಪಾಕ್ ಓಡಿಸಿದರೆ 90 ದಾಟುತ್ತದೆ. ರಿಪೋರ್ಟಿಗೂ ಭಾರ ಬರುತ್ತದೆ.

ಬೇತ್ರಿ_ಹೊಳೆ

ಅರ್ಧ ಸರಿ. ಆ ಪ್ಯಾಟರ್ನ್ ಬರ್ಟ್‌ನಲ್ಲಿ ಇಲ್ಲ, ನಿಜ. ಆದರೆ ಯಾವ ಬರ್ಟ್ ಅನ್ನುವುದರ ಮೇಲೆ ಹೋಗುತ್ತದೆ. `bert-base-multilingual-uncased` ಎತ್ತಿಕೊಂಡರೆ ಅದು ಫ್ರೆಂಚ್ ಅಕ್ಷರದ ಮೇಲಿನ ಗೆರೆ ತೆಗೆಯುವ ಹಾಗೆ ನಮ್ಮ ಒತ್ತು, ಗುಡಿಸು, ಎತ್ವವನ್ನೂ ಒರೆಸಿ ಹಾಕುತ್ತದೆ. ‘ಚೆನ್ನಾಗಿದೆ’ ಹೋಗಿ ‘ಚನನಾಗದ’ ಆಗುತ್ತದೆ. `cased` ತಗೊಳ್ಳಬೇಕು, ಇಲ್ಲವೇ `google/muril-base-cased`. ಮ್ಯೂರಿಲ್ ಭಾರತದ ಭಾಷೆಗಳಿಗೇ ಮಾಡಿದ್ದು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನೂ ಒಂದಿಷ್ಟು ನೋಡಿದೆ.

ಅದು ಬಿಡಿ. ಡೇಟಾದಲ್ಲೇ ತೂತು ಇದ್ದರೆ ಬರ್ಟ್ ಆ ತೂತನ್ನು ಇನ್ನೂ ಚೆನ್ನಾಗಿ ಹುಡುಕಿಕೊಳ್ಳುತ್ತದೆ. ಮೊದಲು ಆ ಪಟ್ಟಿ ಬರಲಿ.

ಸೋಮವಾರಪೇಟೆ_ಹುಡುಗಿ

ನಿನ್ನೆ ಸಂಜೆಯಿಂದ ಕರೆಂಟ್ ಇರಲಿಲ್ಲ, ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದಿತ್ತು. ಈಗ ಪಟ್ಟಿ ತೆಗೆದೆ.

ಪಾಸಿಟಿವ್ ಕಡೆ: `super`, `mass`, `blockbuster`, ಆಮೇಲೆ ಒಬ್ಬ ಹೀರೋ ಹೆಸರಿನ ತುಂಡು. ನೆಗೆಟಿವ್ ಕಡೆ: `waste`, `boring`, ‘ಸರ’ (ಇದು ‘ಬೇಸರ’ದ ತುಂಡು ಅಲ್ವಾ), ಮತ್ತೆ ಎರಡು ಸಿನಿಮಾ ಹೆಸರಿನ ತುಂಡುಗಳು. ಆ ಎರಡೂ ಸಿನಿಮಾಗಳಿಗೆ ನಮ್ಮಲ್ಲಿ ಹೆಚ್ಚುಕಡಿಮೆ ಬರೀ ನೆಗೆಟಿವ್ ವಿಮರ್ಶೆಗಳೇ ಇವೆ.

ಅಂದರೆ ನನ್ನ ‘ಕನ್ನಡ’ ಮಾಡೆಲ್ ಓದಿದ್ದು ಇಂಗ್ಲಿಷ್ ಪದ ಮತ್ತು ಸಿನಿಮಾ ಹೆಸರು.

ಬೇತ್ರಿ_ಹೊಳೆ

ಹೌದು. ಈಗ ನೀವು ಬರೆದಿದ್ದೀರಲ್ಲ, ಆ ಪಟ್ಟಿ ಮತ್ತು ಕೊನೆಯ ಸಾಲು, ರಿಪೋರ್ಟಿನಲ್ಲಿ ಒಂದು ಪುಟ ಅದಕ್ಕೇ ಇಡಿ. ಮುಚ್ಚಿಡಬೇಡಿ.

ಸರಿಪಡಿಸುವುದು ಒಂದು ಸಾಲು:

```python
TfidfVectorizer(analyzer="char_wb", ngram_range=(2, 5))
```

ಇದು ಪದದ ಒಳಗೆ ಎರಡರಿಂದ ಐದು ಚಿಹ್ನೆಗಳ ತುಂಡು ಮಾಡುತ್ತದೆ, ಗುಣಿತ ಒತ್ತು ಎಲ್ಲ ಉಳಿಸಿಕೊಂಡು. ಕನ್ನಡದಲ್ಲಿ ‘ಇಲ್ಲ’ ಬೇರೆ ಪದವಾಗಿ ನಿಲ್ಲುವುದು ಕಡಿಮೆ. ಇಷ್ಟವಾಗಲಿಲ್ಲ, ಹಿಡಿಸಲಿಲ್ಲ, ಚೆನ್ನಾಗಿಲ್ಲ, ಹೀಗೆ ಬಾಲಕ್ಕೆ ಅಂಟಿಕೊಂಡೇ ಬರುತ್ತದೆ. ಪೂರ್ತಿ ಪದ ತಗೊಂಡರೆ ಇವು ಮೂರೂ ಬೇರೆ ಬೇರೆ ಪದ. ಚಿಹ್ನೆಗಳ ತುಂಡು ತಗೊಂಡರೆ ‘ಿಲ್ಲ’ ಮೂರರಲ್ಲೂ ಸಿಗುತ್ತದೆ.

ಪೂರ್ತಿ ಪದವೇ ಬೇಕೆಂದರೆ `token_pattern` ಅನ್ನು ನೀವೇ ಕೊಡಿ:

```python
token_pattern=r"[\u0C80-\u0CFF\u200c\u200da-zA-Z0-9]+"
```

ಎರಡನ್ನೂ ಓಡಿಸಿ, ಹಳೆಯದರ ಪಕ್ಕ ಇಟ್ಟು ಒಂದು ಕೋಷ್ಟಕ ಮಾಡಿ. ಸ್ಟಾಪ್‌ವರ್ಡ್ ಪಟ್ಟಿ ಎಲ್ಲಿಂದಾದರೂ ಇಳಿಸಿಕೊಂಡಿದ್ದರೆ ಅದರಲ್ಲಿ ‘ಇಲ್ಲ’, ‘ಅಲ್ಲ’, ‘ಬೇಡ’ ಇವೆಯಾ ನೋಡಿ, ಇದ್ದರೆ ತೆಗೆಯಿರಿ.

ಕಾಫಿಕಣ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನ್ನದು ಸಿನಿಮಾ ಅಲ್ಲ, ಕಾಫಿ ಎಲೆ. ಎರಡು ವರ್ಷದ ಹಿಂದಿನ ಪ್ರಾಜೆಕ್ಟ್. ನಮ್ಮ ತೋಟದಲ್ಲೇ ಎಲೆ ತುಕ್ಕು ರೋಗದ ಫೋಟೊ ತೆಗೆದೆವು. ಒಂದೊಂದು ಗಿಡದ್ದು ಹತ್ತು ಹದಿನೈದು ಫೋಟೊ. ಎಲ್ಲವನ್ನೂ ಕಲಸಿ 80-20 ಮಾಡಿದೆವು. 98% ಬಂತು, ಸಿಹಿ ಹಂಚಿದ್ದೂ ಆಯಿತು. ವೈವಾಗೆ ಬಂದ ಎಕ್ಸ್‌ಟರ್ನಲ್ ಒಂದೇ ಮಾತು ಕೇಳಿದರು: “ಅದೇ ಗಿಡದ ಫೋಟೊ ಎರಡೂ ಕಡೆ ಇದೆಯೇನಪ್ಪಾ?” ಇತ್ತು. ಪಕ್ಕದ ತೋಟದ ಎಲೆ ತಂದು ಹಾಕಿದರೆ ಎಲ್ಲವೂ ರೋಗ ಅಂತಿತ್ತು. ನಿಮ್ಮ ಸಿನಿಮಾ ಹೆಸರಿನ ಕಥೆಯೂ ಇದೇ ಅನ್ನಿಸಿತು.

ಬೇತ್ರಿ_ಹೊಳೆ

ಕಾಫಿಕಣ, ನೂರಕ್ಕೆ ನೂರು ಇದೇ. ಗಿಡದ ಜಾಗದಲ್ಲಿ ಸಿನಿಮಾ ಇಟ್ಟುಕೊಳ್ಳಿ.

ಸೋತ ಸಿನಿಮಾ ಒಂದಕ್ಕೆ ನಲವತ್ತು ವಿಮರ್ಶೆ ಇವೆ, ಬಹುಪಾಲು ಬೈಗುಳ. ಕಲಸಿ ಹಂಚಿದರೆ ಮೂವತ್ತೆರಡು ಟ್ರೈನಿಂಗಿಗೆ ಹೋಗುತ್ತವೆ, ಎಂಟು ಟೆಸ್ಟಿಗೆ. ಆ ಎಂಟರಲ್ಲಿ ಸಿನಿಮಾ ಹೆಸರೋ ಪಾತ್ರದ ಹೆಸರೋ ಕಂಡರೆ ಸಾಕು, ಮಾಡೆಲ್ ‘ನೆಗೆಟಿವ್’ ಅನ್ನುತ್ತದೆ. ವಾಕ್ಯ ಓದಲೇ ಇಲ್ಲ. ಮುಂದಿನ ಶುಕ್ರವಾರ ಹೊಸ ಸಿನಿಮಾ ಬಂದರೆ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಹಾಗಾಗಿ ಒಂದು ಸಿನಿಮಾ ಪೂರ್ತಿ ಈ ಕಡೆ, ಇಲ್ಲವೇ ಪೂರ್ತಿ ಆ ಕಡೆ:

```python
from sklearn.model_selection import StratifiedGroupKFold
cv = StratifiedGroupKFold(n_splits=5)
for tr, te in cv.split(X, y, groups=film_id):
    ...
```

ಇದಕ್ಕೂ ಮೊದಲು ಒಂದೇ ವಿಮರ್ಶೆ ಎರಡೆರಡು ಸಲ ಇದೆಯಾ ನೋಡಿ. ಅಭಿಮಾನಿಗಳು ಒಂದೇ ಸಾಲನ್ನು ಹತ್ತು ಕಡೆ ಅಂಟಿಸುತ್ತಾರೆ. ಸ್ಪೇಸ್, ಎಮೋಜಿ, ಕೊನೆಯ ಆಶ್ಚರ್ಯಸೂಚಕ ತೆಗೆದು ಹೋಲಿಸಿ, ಇಲ್ಲದಿದ್ದರೆ ಸಿಗುವುದಿಲ್ಲ.

ಸೋಮವಾರಪೇಟೆ_ಹುಡುಗಿ

ಮಾಡಿದೆ. 310 ವಿಮರ್ಶೆಗಳು ನಕಲು! ಉಳಿದದ್ದು 2,090, ಅದರಲ್ಲಿ 1,421 ಪಾಸಿಟಿವ್. ಈಗ ‘ಸುಮ್ನೆ ಪಾಸಿಟಿವ್’ ಅಂದರೆ 68%.

ಚಿಹ್ನೆಗಳ ತುಂಡು ಹಾಕಿ, ಹಳೆಯ ಹಾಗೆ ಕಲಸಿ ಹಂಚಿದರೆ 88%. ಸಿನಿಮಾ ಪ್ರಕಾರ ಹಂಚಿದರೆ 77%. ಮ್ಯಾಕ್ರೊ ಎಫ್1 0.63.

‘ಸಿನಿಮಾ ಚೆನ್ನಾಗಿಲ್ಲ’ ಈಗ ನೆಗೆಟಿವ್ ಬರುತ್ತದೆ. ಅದೊಂದು ಖುಷಿ. ಆದರೆ 86 ಇದ್ದದ್ದು 77 ಆಯಿತು. ನಮ್ಮ ಗೈಡ್ 90 ಮೇಲೆ ಇರಬೇಕು ಅಂದಿದ್ದರು. ಹೇಗೆ ಹೇಳಲಿ?

ಗೋಣಿಕೊಪ್ಪ_ಕೋಡರ್

ನೋಡಿದಿರಾ, ಕೆದಕಬಾರದಿತ್ತು. 88 ಇದೆಯಲ್ಲ, ಅದನ್ನೇ ತೋರಿಸಿ. ಯಾರೂ ಕೇಳುವುದಿಲ್ಲ.

ಕಾಫಿಕಣ

ನನ್ನನ್ನು ಕೇಳಿದರು.

ಬೇತ್ರಿ_ಹೊಳೆ

ಮೂರೂ ಅಂಕಿ ತೋರಿಸಿ. 68, 88, 77. ಒಂದೇ ಚಿತ್ರದಲ್ಲಿ ಮೂರು ಕಂಬ. 88ಕ್ಕೂ 77ಕ್ಕೂ ನಡುವಿನ 11 ಏನು ಅಂತ ಕೇಳಿದರೆ, “ಸಿನಿಮಾ ಗುರುತು ಹಿಡಿದು ಗಳಿಸಿದ್ದು, ಭಾವನೆ ಓದಿ ಅಲ್ಲ” ಅನ್ನಿ. ಗೈಡ್‌ಗೆ ಮೊದಲು ಆ ತೂಕದ ಪಟ್ಟಿ ತೋರಿಸಿ, ಆಮೇಲೆ ಅಂಕಿ.

ಮ್ಯಾಕ್ರೊ ಎಫ್1 ಅನ್ನು ಅಕ್ಯುರೆಸಿಗಿಂತ ಮುಂದೆ ಇಡಿ. ಎಲ್ಲದಕ್ಕೂ ‘ಪಾಸಿಟಿವ್’ ಅನ್ನುವ ಸೋಮಾರಿ ಮಾಡೆಲ್‌ಗೆ ಅಕ್ಯುರೆಸಿ 68%, ಆದರೆ ಮ್ಯಾಕ್ರೊ ಎಫ್1 ಸುಮಾರು 0.27 ಮಾತ್ರ. ಉಳಿದೆರಡು ಗುಂಪಿನಲ್ಲಿ ಅದಕ್ಕೆ ಸೊನ್ನೆ. 0.27ರಿಂದ 0.63 ಅಂದರೆ ನೀವು ಮಾಡಿದ ಕೆಲಸ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಬಾಕಿ ಇದೆ. ಸ್ಟಾರ್ ನೋಡಿ ಲೇಬಲ್ ಹಾಕಿದ್ದು. ಬಿಡುಗಡೆಗೆ ಮುಂಚೆಯೇ ಐದು ಸ್ಟಾರ್ ಒತ್ತುವವರಿದ್ದಾರೆ. ಐದು ಸ್ಟಾರ್ ಕೊಟ್ಟು ಕೆಳಗೆ ‘ದ್ವಿತೀಯಾರ್ಧ ಎಳೆದಿದ್ದಾರೆ’ ಅಂತ ಬರೆಯುವವರೂ ಇದ್ದಾರೆ. ಒಂದು 200 ವಿಮರ್ಶೆ ಆರಿಸಿ, ಸ್ಟಾರ್ ಮುಚ್ಚಿ, ಇಬ್ಬರಿಗೆ ಬೇರೆ ಬೇರೆಯಾಗಿ ಕೊಡಿ. ಮಾತಾಡಿಕೊಳ್ಳಬಾರದು.

ಸೋಮವಾರಪೇಟೆ_ಹುಡುಗಿ

ಹಾಸ್ಟೆಲ್‌ನಲ್ಲಿ ಇಬ್ಬರನ್ನು ಹಿಡಿದು ಕೂರಿಸಿದೆ. ಒಬ್ಬಳು ಮಂಡ್ಯದವಳು, ಇನ್ನೊಬ್ಬಳು ನಾಪೋಕ್ಲು ಕಡೆಯವಳು, ಮನೆಯಲ್ಲಿ ಕೊಡವ ತಕ್ಕ್. 200ರಲ್ಲಿ 158ಕ್ಕೆ ಇಬ್ಬರದೂ ಒಂದೇ ಉತ್ತರ.

ಮಂಡ್ಯದವಳು: 120 ಪಾಸಿಟಿವ್, 50 ನೆಗೆಟಿವ್, 30 ಮಿಕ್ಸೆಡ್.
ನಾಪೋಕ್ಲುವಿನವಳು: 110, 60, 30.

ಜಗಳ ಆದದ್ದು ಆಡುಮಾತಿನ ಮೇಲೆ. ‘ಇಂಟರ್ವಲ್ ಸೀನ್ ಬೆಂಕಿ’, ‘ಕ್ಲೈಮ್ಯಾಕ್ಸ್‌ನಲ್ಲಿ ಚಿಂದಿ ಉಡಾಯಿಸಿದ್ದಾರೆ’, ಇವನ್ನು ನಾಪೋಕ್ಲುವಿನವಳು ನೆಗೆಟಿವ್ ಹಾಕಿದ್ದಳು. “ಬೆಂಕಿ ಬಿದ್ದರೆ ಒಳ್ಳೆಯದು ಹೇಗಾಗುತ್ತದೆ?” ಅಂತ ನನ್ನನ್ನೇ ಕೇಳಿದಳು. ‘ಕೊನೆಗೂ ಮುಗಿಯಿತಲ್ಲಾ, ದೇವರು ದೊಡ್ಡವನು’ ಅನ್ನುವುದನ್ನು ಮಂಡ್ಯದವಳು ಪಾಸಿಟಿವ್ ಹಾಕಿದ್ದಳು, ಆತುರದಲ್ಲಿ ಓದಿ.

ಬೇತ್ರಿ_ಹೊಳೆ

ಚಿನ್ನ! ಇದು ಎಲ್ಲೂ ಇಳಿಸಿಕೊಳ್ಳಲು ಸಿಗದ ಡೇಟಾ.

ಕಪ್ಪಾ ಲೆಕ್ಕ ಮಾಡಿ ಹಾಕಿ. ಒಪ್ಪಿಗೆ 158/200, ಅಂದರೆ 0.79. ಇಬ್ಬರೂ ಕಣ್ಣು ಮುಚ್ಚಿ ತಮ್ಮ ತಮ್ಮ ಅನುಪಾತದಲ್ಲಿ ಹಾಕಿದ್ದರೂ ಎಷ್ಟು ಕೂಡುತ್ತಿತ್ತು ನೋಡಿ: 0.60×0.55 + 0.25×0.30 + 0.15×0.15 = 0.4275. ಈಗ (0.79 − 0.4275) / (1 − 0.4275), ಸುಮಾರು 0.63. ಕೆಟ್ಟದ್ದಲ್ಲ, ಬಹಳ ಒಳ್ಳೆಯದೂ ಅಲ್ಲ. ಗೈಡ್‌ಗೆ ಹೇಳಲು ಇಲ್ಲೇ ಒಂದು ಮಾತಿದೆ: ಇಬ್ಬರು ಮನುಷ್ಯರೇ 79%ರಲ್ಲಿ ಮಾತ್ರ ಒಪ್ಪುವಾಗ ಮಾಡೆಲ್ 90 ದಾಟಿದರೆ ಅನುಮಾನ ಪಡಬೇಕು. ಆದರೆ ನಿಮ್ಮ 77 ಬಂದದ್ದು ಸ್ಟಾರ್ ಲೇಬಲ್ ಮೇಲೆ, ಈ 79 ಬಂದದ್ದು ಕೈಯಿಂದ ಹಾಕಿದ್ದರ ಮೇಲೆ. ಎರಡನ್ನೂ ನೇರವಾಗಿ ತೂಗಬೇಡಿ. ಆ 42 ಜಗಳಗಳನ್ನು ಇಬ್ಬರನ್ನೂ ಕೂರಿಸಿ ಬಗೆಹರಿಸಿ, ಆ 200 ಅನ್ನೇ ಇನ್ನೊಂದು ಟೆಸ್ಟ್ ಆಗಿ ಇಡಿ. ಆ ಸಿನಿಮಾಗಳು ಟ್ರೈನಿಂಗಿನಲ್ಲಿ ಇರಬಾರದು.

ಈಗ ಚೌಕಟ್ಟು. ನಿಮ್ಮದರಲ್ಲಿ ರಿಸಲ್ಟಿಗೆ 2 ಪುಟ, ಡೇಟಾಗೆ ಅಧ್ಯಾಯವೇ ಇಲ್ಲ. ನಾನಾಗಿದ್ದರೆ ಇಂಟ್ರೊಡಕ್ಷನ್ 3 ಪುಟ, ಸರ್ವೆ 6 ಪುಟ ಮಾಡುತ್ತಿದ್ದೆ. ಸರ್ವೆಯಲ್ಲಿ ‘ದ್ರಾವಿಡಿಯನ್ ಕೋಡ್‌ಮಿಕ್ಸ್’ ಡೇಟಾ ಬಗ್ಗೆ ಬರೆಯಿರಿ, ಅದರ ಕನ್ನಡ ಭಾಗ ಯೂಟ್ಯೂಬ್ ಕಾಮೆಂಟುಗಳದ್ದು. ನಿಮ್ಮ ಡೇಟಾಗೂ ಅದಕ್ಕೂ ವ್ಯತ್ಯಾಸ ಏನು ಅಂತ ಹೇಳಿ. ಮೂರನೇ ಅಧ್ಯಾಯ ಪೂರ್ತಿ ಡೇಟಾ, ಹತ್ತು ಪುಟ: ಎಲ್ಲಿಂದ ತಂದಿರಿ, ಬಳಕೆದಾರರ ಹೆಸರು ತೆಗೆದಿರಾ, ನಕಲು ಎಷ್ಟು, ಸ್ಟಾರ್ ಲೇಬಲ್‌ನ ತೊಂದರೆ, ಇಬ್ಬರ ಲೇಬಲ್, ಕಪ್ಪಾ, ಬೆಂಕಿ-ಚಿಂದಿ ನಿಯಮಗಳು. ನಾಲ್ಕನೆಯದು ಪದ ಬಿಡಿಸುವ ವಿಧಾನ, ಆ ಖಾಲಿ ಪಟ್ಟಿಯಿಂದಲೇ ಶುರು ಮಾಡಿ. ಐದನೆಯದು ಪ್ರಯೋಗ ಮತ್ತು ಫಲಿತಾಂಶ. ಆರನೆಯದು ತಪ್ಪುಗಳ ಪರಿಶೀಲನೆ: ಮಾಡೆಲ್ ತಪ್ಪಿದ್ದರಲ್ಲಿ ಐವತ್ತು ವಿಮರ್ಶೆ ಕೈಯಲ್ಲಿ ಓದಿ, ವ್ಯಂಗ್ಯ ಎಷ್ಟು, ಆಡುಮಾತು ಎಷ್ಟು, ‘ನೋಡದೇ ಇರಬೇಡಿ’ ತರಹದ ಡಬಲ್ ನಿಷೇಧ ಎಷ್ಟು, ಲೇಬಲ್ಲೇ ತಪ್ಪು ಎಷ್ಟು ಅಂತ ಎಣಿಸಿ. ರಾಮ್ ಎಷ್ಟು, ಪ್ರೊಸೆಸರ್ ಯಾವುದು ಅನ್ನುವ ಅಧ್ಯಾಯ ಕಾಲೇಜಿನ ನಮೂನೆಗೆ ಬೇಕೇ ಬೇಕೆಂದರೆ ಅರ್ಧ ಪುಟ ಸಾಕು.

ಗೋಣಿಕೊಪ್ಪ_ಕೋಡರ್

ಒಪ್ಪಿದೆ, ಒಪ್ಪಿದೆ. ಆದರೆ ಮಿಕ್ಸೆಡ್ ಗುಂಪು ಯಾಕೆ ಬೇಕು? ಅದನ್ನು ಕಿತ್ತು ಎರಡೇ ಗುಂಪು ಮಾಡಿದರೆ ಅಂಕಿಯೂ ಏರುತ್ತದೆ, ಲೇಬಲ್ ಜಗಳವೂ ಕಡಿಮೆ.

ಬೇತ್ರಿ_ಹೊಳೆ

ನನಗೆ ಇಷ್ಟವಿಲ್ಲ. ‘ಮೊದಲಾರ್ಧ ಸೂಪರ್, ದ್ವಿತೀಯಾರ್ಧ ಬೋರು’ ಅನ್ನುವುದು ಕನ್ನಡ ವಿಮರ್ಶೆಯ ಖಾಯಂ ಗಿರಾಕಿ. ಅದನ್ನು ಎಸೆದರೆ ಕಷ್ಟದ ಪ್ರಶ್ನೆ ಬಿಟ್ಟು ಪರೀಕ್ಷೆ ಬರೆದ ಹಾಗೆ. ಆದರೆ ನಕಲು ತೆಗೆದ ಮೇಲೆ ಆ ಗುಂಪಿನಲ್ಲಿ ಇನ್ನೂರು ಚಿಲ್ಲರೆ ಉಳಿದಿದ್ದರೆ ಅದನ್ನು ನಂಬಿಕೆಯಿಂದ ಅಳೆಯುವುದೂ ಕಷ್ಟ. ಎರಡೂ ಮಾಡಿ, ಎರಡೂ ವರದಿ ಮಾಡಿ ಅಂತ ನನ್ನ ಮತ.

ಕಾಫಿಕಣ

ನಾನು ಕೋಡರ್ ಕಡೆ. ಇನ್ನೂರು ಸಾಲದು.

ಸೋಮವಾರಪೇಟೆ_ಹುಡುಗಿ

ಮೂರೇ ಗುಂಪು ಇಟ್ಟುಕೊಳ್ಳುತ್ತೇನೆ, ಎರಡರದ್ದು ಪಕ್ಕದಲ್ಲಿ ಒಂದು ಕಾಲಂ. ಸೋಮವಾರ ಗೈಡ್‌ಗೆ ತೂಕದ ಪಟ್ಟಿ ತೋರಿಸಿದೆ. ಮೊದಲು ಮುಖ ಗಂಟು ಹಾಕಿಕೊಂಡರು. ಆಮೇಲೆ ಅವರೇ ಲ್ಯಾಪ್‌ಟಾಪ್ ಎಳೆದುಕೊಂಡು ‘ಸಿನಿಮಾ ಚೆನ್ನಾಗಿಲ್ಲ’ ಟೈಪ್ ಮಾಡಿ ಹಳೆಯದರಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ನೋಡಿದರು. 77ರ ಬಗ್ಗೆ ಇನ್ನೂ ಹೌದು ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ. ಮ್ಯೂರಿಲ್ ಕೂಡ ಓಡಿಸಿ ತಾ ಅಂದಿದ್ದಾರೆ.

ಅಕ್ಕ, ಒಂದು ಉಳಿದಿದೆ. `chennagide`, `channagidhe`, `chenagide` ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ಸುಮಾರು 400 ಇವೆ. ಅವನ್ನು ಕನ್ನಡ ಲಿಪಿಗೆ ತಿರುಗಿಸಲಾ, ಹಾಗೇ ಬಿಡಲಾ?

ಬೇತ್ರಿ_ಹೊಳೆ

ಹಾಗೇ ಬಿಟ್ಟು ಮೊದಲು ಓಡಿಸಿ. ಆ 400ರ ಮೇಲಿನ ಎಫ್1 ಬೇರೆ, ಕನ್ನಡ ಲಿಪಿಯವುಗಳ ಮೇಲಿನ ಎಫ್1 ಬೇರೆ ಬರೆದುಕೊಳ್ಳಿ. ತಿರುಗಿಸುವ ಸಾಧನಗಳು `super` ಅನ್ನು ‘ಸುಪೆರ್’ ಮಾಡುವ ಹಾಗೆ ಹೊಸ ಕಸ ತರುತ್ತವೆ. ಚಿಹ್ನೆಗಳ ತುಂಡಿಗೆ `nagid` ಮೂರರಲ್ಲಿ ಒಂದರಲ್ಲೇ ಸಿಗುತ್ತದೆ, `agid` ಮೂರರಲ್ಲೂ ಸಿಗುತ್ತದೆ, ಒಂದಿಷ್ಟು ಕೆಲಸ ಅದೇ ಮಾಡಬಹುದು.

ಕಾಫಿಕಣ

`chenagide` ಅಲ್ಲೂ `nagid` ಇದೆಯಲ್ಲ?

ಬೇತ್ರಿ_ಹೊಳೆ

ಮೂರರಲ್ಲೂ ಇದೆ, ಸರಿ. ನನ್ನ ಕಣ್ಣು ತಪ್ಪಿತು. ಹಾಗಾದರೆ ಹಾಗೇ ಬಿಟ್ಟು ನೋಡಲು ಇನ್ನೊಂದು ಕಾರಣ ಸಿಕ್ಕಿತು. ಎರಡೂ ಎಫ್1 ಬಂದ ಮೇಲೆ ಇಲ್ಲೇ ಹಾಕಿ.

ಸೋಮವಾರಪೇಟೆ_ಹುಡುಗಿ

ಹಾಕುತ್ತೇನೆ ಅಕ್ಕ. ಸಂಜೆ ಮತ್ತೆ ಗುಡುಗುತ್ತಿದೆ, ಕರೆಂಟ್ ಹೋಗುವ ಮುಂಚೆ ಮ್ಯೂರಿಲ್ ಓಡಲು ಬಿಟ್ಟಿದ್ದೇನೆ. ಪ್ರತಿ ಎಪಾಕ್‌ಗೂ ಸೇವ್ ಆಗುವ ಹಾಗೆ ಇಟ್ಟಿದ್ದೇನೆ.